ಗಂಟೆಗೆ ಐದು ಪೀಸ್: ಕಂಟ್ರೋಲ್ ಚಾರ್ಟ್ ಓದುವ ಬಗೆ

ಪೀಣ್ಯದಂಥ ಕೈಗಾರಿಕಾ ಪ್ರದೇಶದ ಮಷಿನ್ ಶಾಪಿಗೆ ಇಂಟರ್ನ್ ಆಗಿ ಹೋದ ಡಿಪ್ಲೊಮಾ ಅಥವಾ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಮೊದಲ ವಾರ ಸಿಗುವ ಕೆಲಸ ಹೆಚ್ಚುಕಡಿಮೆ ಒಂದೇ. ಕೈಗೊಂದು ಮೈಕ್ರೋಮೀಟರ್, ಒಂದು ಕ್ಲಿಪ್‌ಬೋರ್ಡ್ ಕೊಟ್ಟು, ‘ಈ ಲೇತ್ ಹತ್ತಿರ ಗಂಟೆಗೊಂದು ಸಲ ಐದು ಪೀಸ್ ಅಳೆದು ಬರಿಯಪ್ಪ’ ಎಂದು ಹೇಳಿ ಸೂಪರ್‌ವೈಸರ್ ಮುಂದಕ್ಕೆ ಹೋಗುತ್ತಾರೆ. ಏಕೆ ಐದು, ಏಕೆ ಗಂಟೆಗೊಂದು ಸಲ, ಬರೆದದ್ದನ್ನು ಯಾರು ನೋಡುತ್ತಾರೆ ಎಂಬುದನ್ನು ಹೇಳುವ ಪುರುಸೊತ್ತು ಅಲ್ಲಿ ಯಾರಿಗೂ ಇರುವುದಿಲ್ಲ. ಹಾಗಾಗಿ ಹುಡುಗರು ಅದನ್ನು ಗುಮಾಸ್ತಿಕೆ ಎಂದುಕೊಂಡು ಬೇಸರದಿಂದಲೇ ತುಂಬುತ್ತಾರೆ. ಆ ಹಾಳೆಯಲ್ಲಿ ಏನಿರುತ್ತದೆ ಎಂದು ಒಂದೇ ಒಂದು ಬಿಡಿಭಾಗದ ಲೆಕ್ಕ ಹಿಡಿದು ನೋಡೋಣ.

ಸಿಎನ್‌ಸಿ ಲೇತ್ ಮೇಲೆ ಉಕ್ಕಿನ ಪಿನ್ ತಯಾರಾಗುತ್ತಿದೆ ಎಂದುಕೊಳ್ಳಿ. ಡ್ರಾಯಿಂಗ್‌ನಲ್ಲಿ ಪಿನ್ನಿನ ವ್ಯಾಸ 20 ಮಿಲಿಮೀಟರ್, ಹೆಚ್ಚುಕಡಿಮೆ 0.030 ಎಂದಿದೆ. ಅಂದರೆ 19.970ರಿಂದ 20.030ರವರೆಗೆ ಬಂದ ಪೀಸನ್ನು ಗಿರಾಕಿ ತೆಗೆದುಕೊಳ್ಳುತ್ತಾನೆ, ಅದರಾಚೆ ಹೋದರೆ ವಾಪಸ್. ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕೆ ಮೈಕ್ರಾನ್ ಎನ್ನುತ್ತಾರೆ. ಶಾಪಿನಲ್ಲಿ ಮಾತೆಲ್ಲ ಮೈಕ್ರಾನ್‌ನಲ್ಲೇ. 20.004 ಬಂದರೆ ‘ನಾಲ್ಕು ಪ್ಲಸ್’, 19.995 ಬಂದರೆ ‘ಐದು ಮೈನಸ್’. ನಮ್ಮ ಪಿನ್ನಿಗೆ ಒಟ್ಟು ಸಿಕ್ಕಿರುವ ಜಾಗ 60 ಮೈಕ್ರಾನ್.

ಅಳೆಯುವುದರಲ್ಲೇ ಅರ್ಧ ವಿದ್ಯೆ ಇದೆ. ಅಳತೆಯ ಉಪಕರಣ ಟಾಲರೆನ್ಸಿನ ಹತ್ತನೇ ಒಂದು ಭಾಗವನ್ನಾದರೂ ಗುರುತಿಸಬೇಕು ಎಂಬುದು ಹಳೆಯ ವಾಡಿಕೆ. 60 ಮೈಕ್ರಾನ್ ಜಾಗಕ್ಕೆ 20 ಮೈಕ್ರಾನ್ ಹೆಜ್ಜೆಯ ವರ್ನಿಯರ್ ಹಿಡಿದರೆ ಇಡೀ ಚಾರ್ಟ್ ಮೂರು ನಾಲ್ಕು ಅಂಕಿಗಳಲ್ಲೇ ಸುತ್ತುತ್ತದೆ. ಒಂದು ಮೈಕ್ರಾನ್ ತೋರಿಸುವ ಡಿಜಿಟಲ್ ಮೈಕ್ರೋಮೀಟರ್ ಬೇಕು. ಅದರ ಮೇಲಿನ ಕ್ಯಾಲಿಬ್ರೇಷನ್ ಸ್ಟಿಕ್ಕರಿನ ತಾರೀಕು ಮುಗಿದಿರಬಾರದು. ಬಾಯಿ ಒರೆಸಿ, ಮುಚ್ಚಿ, ಸೊನ್ನೆ ಬರುತ್ತದೆಯೇ ನೋಡಿಕೊಳ್ಳಬೇಕು. ತಿರುಗಿಸುವಾಗ ಕೈಬಲ ಹಾಕದೆ ತುದಿಯ ರ‍್ಯಾಚೆಟ್ ಹಿಡಿದೇ ತಿರುಗಿಸಬೇಕು, ಇಲ್ಲವಾದರೆ ಒಬ್ಬೊಬ್ಬರ ಕೈಗೆ ಒಂದೊಂದು ಅಳತೆ ಬರುತ್ತದೆ.

ಪೀಸಿನ ಬಿಸಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 20 ಮಿಲಿಮೀಟರ್ ಉಕ್ಕು ಒಂದು ಡಿಗ್ರಿ ಬಿಸಿಯಾದರೆ ಸುಮಾರು ಕಾಲು ಮೈಕ್ರಾನ್ ಹಿಗ್ಗುತ್ತದೆ. ಮಷಿನ್ನಿನಿಂದ ಆಗಷ್ಟೇ ಹೊರಬಂದ ಪೀಸ್ 20 ಡಿಗ್ರಿ ಹೆಚ್ಚು ಬಿಸಿ ಇದ್ದರೆ ಮೈಕ್ರೋಮೀಟರ್ 4–5 ಮೈಕ್ರಾನ್ ಹೆಚ್ಚಿಗೆ ತೋರಿಸುತ್ತದೆ. ಒಬ್ಬರು ಬಿಸಿ ಇದ್ದಾಗಲೇ ಅಳೆದು, ಇನ್ನೊಬ್ಬರು ಚಹಾ ಕುಡಿದು ಬಂದು ಅಳೆದರೆ ಚಾರ್ಟಿನ ಮೇಲೆ ಏರಿಳಿತ ಕಾಣುತ್ತದೆ, ಮಷಿನ್ನಿನಲ್ಲಿ ಮಾತ್ರ ಏನೂ ಆಗಿರುವುದಿಲ್ಲ. ತೊಳೆದು, ಒರೆಸಿ, ಇಷ್ಟು ನಿಮಿಷ ಬಿಟ್ಟು ಅಳೆಯುವುದು ಎಂದು ಒಂದು ಪದ್ಧತಿ ಮಾಡಿಕೊಂಡು ಎಲ್ಲರೂ ಅದನ್ನೇ ಪಾಲಿಸಬೇಕು.

ಈಗ ಐದರ ಲೆಕ್ಕ. ಐದು ಪೀಸುಗಳನ್ನು ಬಿನ್ನಿನ ಒಳಗಿಂದ ಕೈಗೆ ಸಿಕ್ಕಂತೆ ಆರಿಸಬಾರದು. ಮಷಿನ್ನಿನಿಂದ ಒಂದರ ಹಿಂದೊಂದು ಬಂದ ಐದನ್ನೇ ತೆಗೆದುಕೊಳ್ಳಬೇಕು. ಬೆನ್ನಿಗೆ ಬೆನ್ನಾಗಿ ಬಂದ ಪೀಸುಗಳ ನಡುವೆ ಹೊಸದಾಗಿ ಏನೂ ಬದಲಾಗಿರುವುದಿಲ್ಲ. ಟೂಲ್ ಅದೇ, ಬಾರ್ ಅದೇ, ಆಪರೇಟರ್ ಅವರೇ. ಅಷ್ಟಿದ್ದೂ ಅವು ಒಂದರಂತೆ ಒಂದು ಇರುವುದಿಲ್ಲ. ಆ ಸಣ್ಣ ವ್ಯತ್ಯಾಸ ಮಷಿನ್ನಿನ ಹುಟ್ಟುಗುಣ. ಗಂಟೆಯಿಂದ ಗಂಟೆಗೆ ಆಗುವ ವ್ಯತ್ಯಾಸ ಬೇರೆ ಬಗೆಯದು. ಅದರ ಹಿಂದೆ ಕಾರಣವೊಂದು ಇದ್ದಿರಬಹುದು. ಇವೆರಡನ್ನು ಬೇರ್ಪಡಿಸಿ ತೋರಿಸುವುದೇ ಕಂಟ್ರೋಲ್ ಚಾರ್ಟಿನ ಕೆಲಸ.

ಒಂದು ಗಂಟೆಯ ಅಳತೆ ಹೀಗೆ ಬಂದಿದೆ ಎಂದಿಟ್ಟುಕೊಳ್ಳಿ: 20.004, 19.998, 20.007, 19.995, 20.001. ಐದರ ಸರಾಸರಿ 20.001. ದೊಡ್ಡದರಲ್ಲಿ ಚಿಕ್ಕದನ್ನು ಕಳೆದರೆ 0.012, ಅಂದರೆ 12 ಮೈಕ್ರಾನ್. ಇದಕ್ಕೆ ರೇಂಜ್ ಎನ್ನುತ್ತಾರೆ. ಸರಾಸರಿಗೆ ಮೇಲಿನ ಚೌಕದಲ್ಲಿ ಒಂದು ಚುಕ್ಕೆ, ರೇಂಜಿಗೆ ಕೆಳಗಿನ ಚೌಕದಲ್ಲಿ ಒಂದು ಚುಕ್ಕೆ. ಇಂಟರ್ನ್ ಮಾಡಬೇಕಾದ ಗಣಿತ ಇಷ್ಟೇ.

ಚುಕ್ಕೆಗಳ ಆಚೀಚೆ ಎಳೆದಿರುವ ಗೆರೆಗಳು ಎಲ್ಲಿಂದ ಬಂದವು? ಮಷಿನ್ ನೆಟ್ಟಗೆ ನಡೆಯುತ್ತಿದ್ದಾಗ ಹೀಗೆ ಐದೈದರ 25 ಗುಂಪುಗಳನ್ನು ಅಳೆದು, ಎಲ್ಲ ಸರಾಸರಿಗಳ ಸರಾಸರಿ, ಎಲ್ಲ ರೇಂಜುಗಳ ಸರಾಸರಿ ತೆಗೆಯುತ್ತಾರೆ. ನಮ್ಮ ಪಿನ್ನಿಗೆ ಅವು 20.002 ಮತ್ತು 0.016 ಎಂದು ಬಂದಿವೆ ಎನ್ನೋಣ. ಐದರ ಗುಂಪಿಗೆ ಕೋಷ್ಟಕದಲ್ಲಿ ಕೊಟ್ಟಿರುವ ಸ್ಥಿರಾಂಕಗಳು 0.577 ಮತ್ತು 2.114. ಚಾರ್ಟ್ ಹಾಳೆಯ ಅಂಚಿನಲ್ಲೇ ಅವು ಅಚ್ಚಾಗಿರುತ್ತವೆ. ಲೆಕ್ಕ ಹೀಗೆ:

```
UCL   = 20.002 + 0.577 × 0.016 = 20.011
LCL   = 20.002 − 0.577 × 0.016 = 19.993
UCL_R = 2.114 × 0.016 = 0.034
```

ಸರಾಸರಿಯ ಚುಕ್ಕೆಗಳು 19.993 ಮತ್ತು 20.011ರ ನಡುವೆ ಆಡಬೇಕು, ರೇಂಜ್ 34 ಮೈಕ್ರಾನ್ ದಾಟಬಾರದು. ಈ ಗೆರೆಗಳನ್ನು ಕೊಟ್ಟದ್ದು ಗಿರಾಕಿಯೂ ಅಲ್ಲ, ಮ್ಯಾನೇಜರೂ ಅಲ್ಲ. ಮಷಿನ್ ತಾನು ಹೀಗೆ ನಡೆಯುತ್ತೇನೆ ಎಂದು 25 ಗುಂಪುಗಳಲ್ಲಿ ತೋರಿಸಿಕೊಂಡದ್ದರಿಂದ ಅವು ಹುಟ್ಟಿವೆ. ಡ್ರಾಯಿಂಗ್ ಹೇಳುವ 19.970, 20.030 ಬೇರೆಯೇ ಗೆರೆಗಳು. ಅವು ಒಂದೊಂದು ಪೀಸಿಗೆ ಅನ್ವಯಿಸುತ್ತವೆ, ಸರಾಸರಿಗೆ ಅಲ್ಲ.

ಇಲ್ಲಿ ಬಹಳ ಮಂದಿ ಎಡವುತ್ತಾರೆ. ‘ತಿಳಿಯಲಿ’ ಎಂದು ಡ್ರಾಯಿಂಗಿನ ಮಿತಿಗಳನ್ನೂ ಸರಾಸರಿಯ ಚಾರ್ಟಿನ ಮೇಲೆ ಕೆಂಪು ಗೆರೆಯಾಗಿ ಎಳೆದುಬಿಡುತ್ತಾರೆ. ಆಮೇಲೆ ಚುಕ್ಕೆ 20.020ಕ್ಕೆ ಹೋದರೂ ಕೆಂಪು ಗೆರೆ ಇನ್ನೂ ದೂರ ಇದೆಯಲ್ಲ ಎಂಬ ಧೈರ್ಯ. ಐದರ ಸರಾಸರಿ 20.020 ಇದ್ದಾಗ ಬಿಡಿ ಪೀಸುಗಳು ಅದರ ಎರಡೂ ಬದಿಗೆ 20 ಮೈಕ್ರಾನ್‌ವರೆಗೆ ಹರಡಿರುತ್ತವೆ. ಕೆಲವು 20.030 ದಾಟಿ ಆಗಲೇ ಬಿನ್ನಿಗೆ ಬಿದ್ದಿರುತ್ತವೆ. ಸರಾಸರಿ ಬಿಡಿ ಪೀಸುಗಳಷ್ಟು ಓಲಾಡುವುದಿಲ್ಲ. ಅದಕ್ಕೇ ಅದರ ಗೆರೆಗಳು ಅಷ್ಟು ಹತ್ತಿರ ಇರುವುದು.

ಈ ಚಾರ್ಟಿಗೆ ನೂರು ವರ್ಷ ದಾಟಿದೆ. ಅಮೆರಿಕದಲ್ಲಿ ಟೆಲಿಫೋನ್ ಉಪಕರಣ ತಯಾರಿಸುತ್ತಿದ್ದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ವಾಲ್ಟರ್ ಶೂಹಾರ್ಟ್ ಎಂಬ ಭೌತವಿಜ್ಞಾನಿ 1924ರ ಮೇ 16ರಂದು ತಮ್ಮ ಮೇಲಧಿಕಾರಿಗೆ ಕೊಟ್ಟ ಚಿಕ್ಕ ಟಿಪ್ಪಣಿಯೊಂದರಲ್ಲಿ ಇದರ ಮೊದಲ ಚಿತ್ರವಿತ್ತು. ಪಿ.ಸಿ. ಮಹಲನೋಬಿಸ್ ಅವರ ಆಹ್ವಾನದ ಮೇಲೆ ಶೂಹಾರ್ಟ್ 1947–48ರಲ್ಲಿ ಭಾರತಕ್ಕೂ ಬಂದು ಹೋದರು. ಆಮೇಲೆ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಕಾರ್ಖಾನೆಗಳಿಗೆ ಇದನ್ನು ಕಲಿಸಲೆಂದೇ ಬೇರೆ ಬೇರೆ ಊರುಗಳಲ್ಲಿ ಘಟಕಗಳನ್ನು ತೆರೆಯಿತು. ಬೆಂಗಳೂರಿನಲ್ಲೂ ಅಂಥದೊಂದು ಇದೆ.

ನಮ್ಮ ಲೇತಿಗೆ ಮರಳೋಣ. ಮೊದಲ ಪಾಳಿ, ಬೆಳಿಗ್ಗೆ 6ರಿಂದ 2. ಮೊದಲ ಅಳತೆ 7 ಗಂಟೆಗೆ. ಗಂಟೆಗೊಂದರಂತೆ ಸರಾಸರಿಗಳು ಹೀಗೆ ಬಂದವು: 20.001, 20.003, 20.004, 20.006, 20.007, 20.009, 20.010. ಮಧ್ಯಾಹ್ನ 2ಕ್ಕೆ ತೆಗೆದ ಎಂಟನೆಯದು 20.013. ರೇಂಜ್ ಇಡೀ ದಿನ 12ರಿಂದ 18 ಮೈಕ್ರಾನ್ ನಡುವೆಯೇ ಇದೆ.

ಡ್ರಾಯಿಂಗಿನ ಪ್ರಕಾರ ಒಂದು ಪೀಸೂ ಕೆಟ್ಟಿಲ್ಲ. ಚಾರ್ಟ್ ಮಾತ್ರ ಎರಡು ಸಲ ಕೂಗಿದೆ. 2 ಗಂಟೆಯ ಚುಕ್ಕೆ 20.011ರ ಗೆರೆ ದಾಟಿದ್ದು ಎಲ್ಲರಿಗೂ ಕಾಣುತ್ತದೆ. ಅದಕ್ಕೂ ಮೊದಲು, 12 ಗಂಟೆಗೇ, ಆರು ಚುಕ್ಕೆಗಳು ಒಂದರ ಮೇಲೊಂದು ಏರಿಕೊಂಡು ಬಂದಿದ್ದವು. ಮಷಿನ್ ತನ್ನ ಪಾಡಿಗೆ ಓಲಾಡುತ್ತಿದ್ದರೆ ಚುಕ್ಕೆಗಳು ಮೇಲೆ ಕೆಳಗೆ ಆಡುತ್ತವೆ, ಸತತ ಆರು ಸಲ ಏರುತ್ತಲೇ ಹೋಗುವುದು ತೀರ ಅಪರೂಪ. ಎಂಟು ಚುಕ್ಕೆಗಳು ನಡುಗೆರೆಯ ಒಂದೇ ಬದಿಯಲ್ಲಿ ಬಿದ್ದರೂ ಹಾಗೆಯೇ. ನಾಣ್ಯ ಚಿಮ್ಮಿದಾಗ ಎಂಟು ಸಲವೂ ಒಂದೇ ಮುಖ ಬಿದ್ದಂತೆ ಅದು: ಆಗಬಾರದೆಂದಿಲ್ಲ, ಆದರೆ ನಾಣ್ಯವನ್ನು ಒಮ್ಮೆ ತಿರುಗಿಸಿ ನೋಡುವುದು ಒಳ್ಳೆಯದು. ಗೆರೆ ದಾಟುವವರೆಗೆ ಕಾಯುವವನು ಚಾರ್ಟಿನ ಅರ್ಧ ಮಾತನ್ನಷ್ಟೇ ಕೇಳಿಸಿಕೊಳ್ಳುತ್ತಾನೆ.

ಕಾರಣ ಹುಡುಕಲು ರೇಂಜ್ ಚಾರ್ಟ್ ದಾರಿ ತೋರಿಸುತ್ತದೆ. ಹರಡುವಿಕೆ ಬದಲಾಗದೆ ಸರಾಸರಿ ಮಾತ್ರ ನಿಧಾನವಾಗಿ ಏರುತ್ತಿದ್ದರೆ ಲೇತಿನಲ್ಲಿ ಮೊದಲ ಅನುಮಾನ ಇನ್ಸರ್ಟಿನ ಮೇಲೆ. ಕೊಯ್ಯುವ ಮೂಲೆ ಸವೆದಂತೆ ಅದು ಪೀಸಿನಿಂದ ಕಡಿಮೆ ಲೋಹ ತೆಗೆಯುತ್ತದೆ, ಹೊರವ್ಯಾಸ ದಪ್ಪವಾಗುತ್ತದೆ. ಮೂಲೆ 5 ಮೈಕ್ರಾನ್ ಹಿಂದೆ ಸರಿದರೆ ವ್ಯಾಸದಲ್ಲಿ ಅದು 10 ಮೈಕ್ರಾನ್ ಆಗಿ ಕಾಣುತ್ತದೆ. ಆಪರೇಟರ್ ಇನ್ಸರ್ಟ್ ತೆಗೆದು ನೋಡಿ ಮೂಲೆ ತಿರುಗಿಸಿ ಹಾಕುತ್ತಾರೆ, ಇಲ್ಲವೇ ಇನ್ನಷ್ಟು ಹೊತ್ತು ಬಾಳುತ್ತದೆ ಎನಿಸಿದರೆ ಆಫ್‌ಸೆಟ್ ತಿದ್ದುತ್ತಾರೆ. ಎರಡರಲ್ಲಿ ಯಾವುದೇ ಮಾಡಲಿ, ಮತ್ತೆ ಐದು ಪೀಸ್ ಅಳೆದು, ಏನು ಮಾಡಿದರು ಎಂಬುದನ್ನು ಆ ಚುಕ್ಕೆಯ ಪಕ್ಕದಲ್ಲೇ ಬರೆಯಬೇಕು.

ಇನ್ನೊಂದು ದಿನ ಐದು ಪೀಸುಗಳು ಹೀಗೆ ಬರುತ್ತವೆ: 20.021, 19.984, 20.005, 19.980, 20.010. ಸರಾಸರಿ ತೆಗೆದು ನೋಡಿ, 20.000! ಇದಕ್ಕಿಂತ ಚೆಂದದ ಸರಾಸರಿ ಬೇಕೆಂದರೂ ಸಿಗದು. ಐದೂ ಪೀಸ್ ಡ್ರಾಯಿಂಗಿನ ಒಳಗೇ ಇವೆ. ಆದರೆ ರೇಂಜ್ 41 ಮೈಕ್ರಾನ್, ಗೆರೆ ಇರುವುದು 34ಕ್ಕೆ. ಇದು ಟೂಲ್ ಸವೆತದ ಲಕ್ಷಣವಲ್ಲ, ಯಾವುದೋ ಹಿಡಿತ ಸಡಿಲಾಗಿರುವ ಲಕ್ಷಣ. ಚಕ್ಕಿನ ದವಡೆಯಲ್ಲಿ ಚಿಪ್ಸ್ ಸಿಕ್ಕಿಕೊಂಡಿರಬಹುದು, ಟೂಲ್ ಹೋಲ್ಡರಿನ ಸ್ಕ್ರೂ ಸಡಿಲಾಗಿರಬಹುದು. ಇಲ್ಲಿ ಆಫ್‌ಸೆಟ್ ಒತ್ತಿದರೆ ಏನೂ ಸರಿಹೋಗುವುದಿಲ್ಲ. ಅನುಭವಿಗಳು ಮೊದಲು ಕೆಳಗಿನ ರೇಂಜ್ ಚೌಕ ನೋಡಿ ಆಮೇಲೆ ಮೇಲಿನದಕ್ಕೆ ಕಣ್ಣು ಎತ್ತುವುದು ಇದಕ್ಕೇ. ರೇಂಜ್ ಕೆಟ್ಟಿದ್ದರೆ ಸರಾಸರಿಯ ಗೆರೆಗಳಿಗೇ ಅರ್ಥವಿಲ್ಲ, ಅವು ಹುಟ್ಟಿದ್ದೇ ರೇಂಜಿನಿಂದ.

ಆಫ್‌ಸೆಟ್ ವಿಷಯ ಬಂದಿದ್ದರಿಂದ ಶಾಪುಗಳಲ್ಲಿ ನಾನು ಕಂಡ ಅತಿ ಸಾಮಾನ್ಯ ಕಾಯಿಲೆಯೊಂದನ್ನು ಹೇಳಲೇಬೇಕು. ಇಂಟರ್ನ್ ಒಂದು ಪೀಸ್ ಅಳೆಯುತ್ತಾನೆ. ‘ಎಷ್ಟು ಬಂತಪ್ಪಾ?’ ‘ಎಂಟು ಪ್ಲಸ್ ಅಣ್ಣ.’ ಆಪರೇಟರ್ ತಕ್ಷಣ ಎಂಟು ಮೈನಸ್ ಆಫ್‌ಸೆಟ್ ಹಾಕುತ್ತಾರೆ. ಮುಂದಿನದು ಆರು ಮೈನಸ್ ಬರುತ್ತದೆ, ಆರು ಪ್ಲಸ್ ಹಾಕುತ್ತಾರೆ. ಇದನ್ನು ಎಚ್ಚರಿಕೆ, ಕಾಳಜಿ ಎಂದೇ ಎಲ್ಲರೂ ತಿಳಿಯುತ್ತಾರೆ. ನೆಟ್ಟಗೆ ನಡೆಯುತ್ತಿರುವ ಮಷಿನ್ನಿಗೆ ಹೀಗೆ ಪ್ರತಿ ಪೀಸಿಗೂ ತಿದ್ದುಪಡಿ ಮಾಡಿದರೆ ಹರಡುವಿಕೆ ಕಡಿಮೆಯಾಗುವುದಿಲ್ಲ, ಸುಮಾರು ಶೇ. 40ರಷ್ಟು ಹೆಚ್ಚುತ್ತದೆ. ಆ ಎಂಟು ಮೈಕ್ರಾನ್ ಮಷಿನ್ನಿನ ಸಹಜ ಓಲಾಟ, ಮುಂದಿನ ಪೀಸ್ ತಾನಾಗಿಯೇ ನಡುಗೆರೆಯ ಹತ್ತಿರ ಬರುವುದಿತ್ತು. ಈಗ ಅದರ ಸಹಜ ಓಲಾಟದ ಮೇಲೆ ನಮ್ಮ ಕೈಚಳಕದ ಓಲಾಟವೂ ಸೇರಿತು. ಯಾವಾಗ ಮುಟ್ಟಬೇಕು ಎಂಬುದಕ್ಕಿಂತ ಯಾವಾಗ ಮುಟ್ಟಬಾರದು ಎಂದು ಹೇಳುವುದರಲ್ಲೇ ಕಂಟ್ರೋಲ್ ಚಾರ್ಟಿನ ಹೆಚ್ಚಿನ ಬೆಲೆ ಇದೆ ಎಂಬುದು ನನ್ನ ಅಭಿಪ್ರಾಯ. ಚುಕ್ಕೆಗಳು ಗೆರೆಯೊಳಗೆ ಅಡ್ಡಾದಿಡ್ಡಿಯಾಗಿ ಆಡುತ್ತಿದ್ದರೆ ಕೈ ಕಟ್ಟಿ ನಿಲ್ಲುವುದೇ ಕೆಲಸ. ಹೇಳಿದಷ್ಟು ಸುಲಭವಲ್ಲ ಇದು. ಸುಮ್ಮನೆ ನಿಂತವರನ್ನು ಕಂಡರೆ ಮ್ಯಾನೇಜರುಗಳಿಗೆ ಆಗಿಬರುವುದಿಲ್ಲ.

ಚಾರ್ಟಿನ ಜೊತೆಗೆ ತಪಾಸಣೆಯ ಹಾಳೆ ಇರುತ್ತದೆ. ಪಾಳಿ ಶುರುವಾದಾಗ ಅಥವಾ ಸೆಟ್ಟಿಂಗ್ ಬದಲಾದಾಗ ಮೊದಲ ಪೀಸಿನ ಎಲ್ಲ ಅಳತೆಗಳನ್ನೂ ತೆಗೆದು ಸಹಿ ಹಾಕುವುದು ಒಂದು. ನಡುನಡುವೆ ಗಂಟೆಗೊಮ್ಮೆ ತೆಗೆಯುವುದು ಇನ್ನೊಂದು. ಕಳಿಸುವ ಮುನ್ನ ಕೊನೆಯ ತಪಾಸಣೆ ಮತ್ತೊಂದು. ಹಾಳೆಯ ತಲೆಯಲ್ಲಿ ಪಾರ್ಟ್ ನಂಬರ್, ಡ್ರಾಯಿಂಗ್ ನಂಬರ್, ಅದರ ರಿವಿಷನ್, ಮಷಿನ್ ನಂಬರ್, ಕಚ್ಚಾ ಉಕ್ಕಿನ ಹೀಟ್ ನಂಬರ್, ಮೈಕ್ರೋಮೀಟರಿನ ಗುರುತಿನ ಸಂಖ್ಯೆ. ಇವನ್ನು ಅಪ್ಪಣೆ ಪಾಲಿಸುವಂತೆ ತುಂಬಿದರೆ ಬೇಸರ ತರಿಸುತ್ತವೆ. ಪ್ರಯೋಜನ ಗೊತ್ತಾಗುವುದು ಏನಾದರೂ ಕೆಟ್ಟ ದಿನ. ಈ ಮೈಕ್ರೋಮೀಟರ್ 10 ಮೈಕ್ರಾನ್ ತಪ್ಪು ತೋರಿಸುತ್ತಿತ್ತು ಎಂದು ತಿಂಗಳ ಕೊನೆಗೆ ತಿಳಿದರೆ, ಅದರಿಂದ ಅಳೆದ ಪೀಸುಗಳು ಯಾವುವು ಎಂದು ಹೇಳಬಲ್ಲದ್ದು ಆ ಗುರುತಿನ ಸಂಖ್ಯೆಯೊಂದೇ.

ಸಮಯದ ಕಾಲಂ ಕೂಡ ಹಾಗೆಯೇ. ಒಂದು ಪಿನ್ನಿಗೆ ಎರಡು ನಿಮಿಷ ಹಿಡಿದರೆ ಗಂಟೆಗೆ 30 ಪಿನ್. 11 ಗಂಟೆಗೆ ಅಳತೆ ಸರಿ ಇದ್ದು 12ಕ್ಕೆ ಕೆಟ್ಟಿದ್ದರೆ ನಡುವಿನ 30 ಪೀಸನ್ನು ಬೇರೆ ಮಾಡಿ ಒಂದೊಂದಾಗಿ ಅಳೆದರೆ ಮುಗಿಯಿತು. ಸಮಯವನ್ನೇ ಬರೆಯದಿದ್ದರೆ ಅಥವಾ ಅಂದಾಜಿಗೆ ಬರೆದಿದ್ದರೆ ಇಡೀ ಪಾಳಿಯ 240 ಪೀಸೂ ಅನುಮಾನದ್ದೇ. ‘ಓಕೆ’ ಎಂದು ಬರೆಯುವುದೂ ಇದೇ ಜಾತಿಯ ತಪ್ಪು. 20.004 ಕೂಡ ಓಕೆ, 20.029 ಕೂಡ ಓಕೆ. ಎರಡನೆಯದು ಮುಂದಿನ ಗಂಟೆಯ ರಿಜೆಕ್ಷನ್ ಎಂದು ಓಕೆ ಎಂಬ ಪದದಿಂದ ತಿಳಿಯುವುದಿಲ್ಲ. ತಪ್ಪು ಬರೆದರೆ ವೈಟ್ನರ್ ಹಚ್ಚದೆ ಒಂದೇ ಗೆರೆ ಹೊಡೆದು, ಹಳೆಯ ಅಂಕಿ ಕಾಣುವಂತೆ ಬಿಟ್ಟು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಚಿಕ್ಕ ಸಹಿ ಹಾಕಬೇಕು.

ಎಲ್ಲ ಶಾಪುಗಳಲ್ಲೂ ಕದ್ದುಮುಚ್ಚಿ ನಡೆಯುವ ಒಂದು ವಿಷಯ ಉಳಿದಿದೆ. ಪಾಳಿ ಮುಗಿಯುವ ಹತ್ತು ನಿಮಿಷ ಮೊದಲು ಎಂಟು ಗಂಟೆಯ ಅಂಕಿಗಳನ್ನೂ ಒಟ್ಟಿಗೆ, ಮನಸ್ಸಿನಿಂದಲೇ ಬರೆದುಬಿಡುವುದು. ಇಂಥ ಹಾಳೆ ಮೇಲ್ನೋಟಕ್ಕೆ ಬಹಳ ಅಚ್ಚುಕಟ್ಟು. ಆದರೆ ಮನುಷ್ಯ ಮಷಿನ್ನಿನಂತೆ ಸುಳ್ಳು ಅಂಕಿ ಬರೆಯಲಾರ. ಅವನ ಅಂಕಿಗಳ ಕೊನೆಯಲ್ಲಿ ಕೆಲವು ಅಂಕಿಗಳು ಪದೇ ಪದೇ ಬರುತ್ತವೆ, ಕೆಲವು ಅಪರೂಪ. ಅಳೆದ ಅಂಕಿಗಳಲ್ಲಿ ಹತ್ತೂ ಕೊನೆಗಳು ಹೆಚ್ಚುಕಡಿಮೆ ಸಮನಾಗಿ ಬರಬೇಕು. ಅವನ ರೇಂಜುಗಳು ವಿಪರೀತ ಚಿಕ್ಕವು, ಚುಕ್ಕೆಗಳೆಲ್ಲ ನಡುಗೆರೆಗೆ ಅಂಟಿಕೊಂಡಿರುತ್ತವೆ. ಸತತ ಹದಿನೈದು ಚುಕ್ಕೆಗಳು ನಡುಗೆರೆಯ ತೀರಾ ಹತ್ತಿರದಲ್ಲೇ ಇದ್ದರೆ ಅದೂ ಎಚ್ಚರಿಕೆಯ ಗಂಟೆ ಎಂದೇ ಪುಸ್ತಕಗಳು ಹೇಳುತ್ತವೆ. ಅನುಮಾನ ಪಡುವ ಮುನ್ನ ಪ್ರಾಮಾಣಿಕ ಕಾರಣ ಇದೆಯೇ ಎಂದೂ ನೋಡಬೇಕು. ಎರಡು ಮಷಿನ್ನುಗಳ ಪೀಸುಗಳನ್ನು ಒಂದೇ ಐದರ ಗುಂಪಿಗೆ ಬೆರೆಸಿದರೂ ರೇಂಜ್ ಉಬ್ಬಿ, ಗೆರೆಗಳು ಅಗಲವಾಗಿ, ಚುಕ್ಕೆಗಳು ನಡುವೆ ಮುದುಡಿಕೊಳ್ಳುತ್ತವೆ.

ಇನ್ನೊಂದು ಬಗೆಯ ಸುಳ್ಳು ಮಿತಿಯ ಅಂಚಿನಲ್ಲಿ ಕಾಣುತ್ತದೆ. 20.028, 20.029, 20.030 ಬೇಕಾದಷ್ಟು ಇವೆ, 20.031 ಒಂದೂ ಇಲ್ಲ. ಯಾವ ಮಷಿನ್ನೂ ಡ್ರಾಯಿಂಗ್ ಓದಿಕೊಂಡು ಅಲ್ಲಿಗೇ ನಿಲ್ಲುವುದಿಲ್ಲ. ಯಾರೋ ಒಂದು ಎರಡು ಮೈಕ್ರಾನ್ ‘ಅಡ್ಜಸ್ಟ್’ ಮಾಡಿ ಬರೆದಿದ್ದಾರೆ. ಹಾಗೆ ಬರೆದವರನ್ನು ಬೈಯುವ ಮುನ್ನ 20.031 ಎಂದು ನಿಜ ಬರೆದವನಿಗೆ ಆ ಶಾಪಿನಲ್ಲಿ ಹಿಂದೆ ಏನಾಗಿತ್ತು ಎಂದು ವಿಚಾರಿಸಬೇಕು. ನಿಜ ಬರೆದವನಿಗೆ ಬೈಗುಳ ಸಿಕ್ಕ ಕಡೆ ಮರುದಿನದಿಂದಲೇ ಇಂಥ ಅಂಕಿಗಳು ಶುರುವಾಗುತ್ತವೆ.

ಚಾರ್ಟಿನಿಂದ ಆಗದ ಕೆಲಸವೂ ಇದೆ. ಚುಕ್ಕೆಗಳು ಗೆರೆಯೊಳಗಿವೆ ಎಂದ ಮಾತ್ರಕ್ಕೆ ಪೀಸ್ ಚೆನ್ನಾಗಿವೆ ಎಂದಲ್ಲ, ಮಷಿನ್ ಬದಲಾಗಿಲ್ಲ ಎಂದಷ್ಟೇ. ನಮ್ಮ ಪಿನ್ನಿನ ಸಹಜ ಹರಡುವಿಕೆ ಸುಮಾರು 41 ಮೈಕ್ರಾನ್, ಜಾಗ 60, ಹಾಗಾಗಿ ನೆಮ್ಮದಿ. ಅದೇ ಮಷಿನ್ನಿಗೆ 30 ಮೈಕ್ರಾನ್ ಟಾಲರೆನ್ಸಿನ ಕೆಲಸ ಕೊಟ್ಟರೆ ಚಾರ್ಟ್ ಶಾಂತವಾಗಿದ್ದುಕೊಂಡೇ ರಿಜೆಕ್ಷನ್ ಬುಟ್ಟಿ ತುಂಬುತ್ತದೆ. ಆಗ ಆಪರೇಟರನ್ನು ದೂರಿ ಫಲವಿಲ್ಲ, ಮಷಿನ್ ಬದಲಿಸಬೇಕು ಅಥವಾ ಆಮೇಲೆ ಗ್ರೈಂಡಿಂಗ್ ಇಡಬೇಕು. ಇಪ್ಪತ್ತು ಮೂವತ್ತು ಪೀಸಿನ ಬಿಡಿ ಆರ್ಡರುಗಳಿಗಂತೂ 25 ಗುಂಪುಗಳ ಲೆಕ್ಕವೇ ಹೊಂದುವುದಿಲ್ಲ. ಅಲ್ಲಿ ಎಲ್ಲವನ್ನೂ ಅಳೆಯುವುದೇ ವಾಸಿ.

ಇಂಟರ್ನ್‌ಶಿಪ್ಪಿಗೆ ಹೊರಟವರಿಗೆ ಒಂದು ಮಾತು. ಕ್ಲಿಪ್‌ಬೋರ್ಡ್ ಕೈಗೆ ಬಂದ ದಿನವೇ ಆ ಮಷಿನ್ನಿನ ಹಿಂದಿನ ಮೂರು ತಿಂಗಳ ಚಾರ್ಟುಗಳನ್ನು ಕೇಳಿ ಪಡೆದುಕೊಳ್ಳಿ. ಚುಕ್ಕೆಗಳಿಗಿಂತ ಮೊದಲು ಬಲತುದಿಯ ಷರಾ ಕಾಲಂ ನೋಡಿ. ಅಲ್ಲಿ ‘ಇನ್ಸರ್ಟ್ ಬದಲು’, ‘ದವಡೆ ಸ್ವಚ್ಛ ಮಾಡಿದೆ’, ‘ಹೊಸ ಹೀಟ್’ ಎಂದು ಸಮಯ ಸಹಿತ ಬರೆದಿದ್ದರೆ ಆ ಶಾಪಿನಲ್ಲಿ ಚಾರ್ಟನ್ನು ಓದುವವರು ಇದ್ದಾರೆ. ಮೂರು ತಿಂಗಳೂ ಅದು ಖಾಲಿ ಇದ್ದರೆ ಆ ಚಾರ್ಟುಗಳನ್ನು ತುಂಬಿಸುತ್ತಿರುವುದು ಆಡಿಟ್‌ಗೆ ಮಾತ್ರ.